ಒಂದು ಊರು, ಮೂರು ಬ್ರೋಷರ್: ಮೇಲುಕೋಟೆಯನ್ನು ಕನ್ನಡ, ಇಂಗ್ಲಿಷ್, ಹಿಂದಿ ಓದುಗರಿಗೆ ಬೇರೆ ಬೇರೆಯಾಗಿ ಬರೆಯುವ ಕ್ರಮ

ದೇವಸ್ಥಾನದ ಊರಿನ ಬ್ರೋಷರ್ ಹೆಚ್ಚಾಗಿ ಹೀಗೆ ತಯಾರಾಗುತ್ತದೆ. ಕನ್ನಡ ಬಲ್ಲ ಒಬ್ಬರು ಸ್ಥಳಪುರಾಣ ಬರೆದುಕೊಡುತ್ತಾರೆ. ಅದು ಇಂಗ್ಲಿಷಿಗೆ ಹೋಗುತ್ತದೆ, ಇಂಗ್ಲಿಷಿನಿಂದ ಹಿಂದಿಗೆ ಹೋಗುತ್ತದೆ. ಮೂರನ್ನೂ ಒಂದೇ ಅಳತೆಯ ಚೌಕಟ್ಟಿಗೆ ತುಂಬಿ ಅಚ್ಚಿಗೆ ಕಳಿಸುತ್ತಾರೆ. ಕೊನೆಗೆ ಕನ್ನಡದವರಿಗೆ ಗೊತ್ತಿರುವುದನ್ನೇ ಹೇಳಿದಂತಾಗುತ್ತದೆ, ಇಂಗ್ಲಿಷ್ ಓದುಗನಿಗೆ ಹೆಸರುಗಳ ರಾಶಿ ಕಾಣುತ್ತದೆ, ಹಿಂದಿಯವರಿಗೆ ಊರಿನ ಹೆಸರೂ ಸರಿಯಾಗಿ ಓದಲು ಬರುವುದಿಲ್ಲ. ದುಡ್ಡು ಮೂರು ಭಾಷೆಗೂ ಖರ್ಚಾಗಿರುತ್ತದೆ.

ಇಲ್ಲಿ ಹೇಳುವ ಕ್ರಮ ಬೇರೆ. ಮಾಹಿತಿಯ ಪಟ್ಟಿ ಒಂದೇ ಇರುತ್ತದೆ, ಬರಹ ಮಾತ್ರ ಮೂರು. ಅನುವಾದ ಎಲ್ಲಿಯೂ ಇಲ್ಲ. ಉದಾಹರಣೆಗೆ ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯನ್ನು ಇಟ್ಟುಕೊಂಡಿದ್ದೇನೆ. ಚೆಲುವನಾರಾಯಣನ ಗುಡಿ, ಬೆಟ್ಟದ ಮೇಲಿನ ಯೋಗಾನರಸಿಂಹ, ಕಲ್ಯಾಣಿ, ರಾಯಗೋಪುರ, ಅಕ್ಕ-ತಂಗಿ ಕೊಳ, ಪುಳಿಯೋಗರೆ ಎಲ್ಲವೂ ನಡೆದು ಮುಗಿಸಬಹುದಾದಷ್ಟು ದೂರದಲ್ಲೇ ಇವೆ. ಓದುಗರು ಮಾತ್ರ ಒಬ್ಬರಂತೆ ಒಬ್ಬರಿಲ್ಲ.

## ಬೇಕಾಗುವ ಸಾಮಾನು

ಒಂದು ನೋಟ್‌ಬುಕ್, ಮಾಹಿತಿ ಪಟ್ಟಿಗೆ ಒಂದು ಸ್ಪ್ರೆಡ್‌ಶೀಟ್, ಯೂನಿಕೋಡ್ ಅಕ್ಷರ ಸರಿಯಾಗಿ ಮೂಡಿಸುವ ಪುಟವಿನ್ಯಾಸದ ತಂತ್ರಾಂಶ, ಅಳತೆಪಟ್ಟಿ. ಜನರ ಲೆಕ್ಕದಲ್ಲಿ ಹೇಳುವುದಾದರೆ ಪ್ರತಿ ಭಾಷೆಗೂ ಅದನ್ನು ಮನೆಮಾತಾಗಿ ಆಡುವ ಒಬ್ಬ ಬರಹಗಾರ, ಮತ್ತು ಆ ಊರನ್ನು ಎಂದೂ ನೋಡದ ಒಬ್ಬ ಓದುಗ ಬೇಕು. ಈ ಎರಡನೆಯವನನ್ನು ಹುಡುಕಲು ಸೋಮಾರಿತನ ಮಾಡಿದರೆ ಆರನೆಯ ಹಂತದಲ್ಲಿ ಕೆಲಸ ನಿಲ್ಲುತ್ತದೆ.

## ಹಂತ 1: ಕರಪತ್ರ ಕೈಗೆ ತೆಗೆದುಕೊಳ್ಳುವವರು ಯಾರೆಂದು ನೋಡಿ

ಬರೆಯುವ ಮೊದಲು ಒಂದು ಭಾನುವಾರ ಊರಿಗೆ ಹೋಗಿ ಮೂರು ಜಾಗಗಳಲ್ಲಿ ನಿಲ್ಲಿ: ಬಸ್ ನಿಲ್ದಾಣ, ಕಲ್ಯಾಣಿಯ ಮೆಟ್ಟಿಲು, ಬೆಟ್ಟ ಹತ್ತಲು ಶುರುಮಾಡುವ ಜಾಗ. ಬಂದವರು ಅಂಗಡಿಯವರನ್ನು, ಹೂ ಮಾರುವವರನ್ನು ಏನು ಕೇಳುತ್ತಾರೆ ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ಗುಡಿ ಎಷ್ಟು ಹೊತ್ತಿಗೆ ಬಾಗಿಲು ಹಾಕ್ತಾರೆ?’, ‘ಅಮ್ಮನಿಗೆ ಮೆಟ್ಟಿಲು ಹತ್ತೋಕಾಗಲ್ಲ, ಗಾಡಿ ಎಲ್ಲೀವರೆಗೆ ಹೋಗುತ್ತೆ?’, ‘ಒಳ್ಳೆ ಪುಳಿಯೋಗರೆ ಎಲ್ಲಿ?’ ಇಂಥವೇ ನಿಮ್ಮ ಬ್ರೋಷರಿನ ನಿಜವಾದ ವಿಷಯಸೂಚಿ.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ‘ಇಂಗ್ಲಿಷ್ ಓದುಗ’ ಎಂದರೆ ವಿದೇಶಿಯ ಎಂದುಕೊಂಡುಬಿಡುತ್ತಾರೆ. ಶ್ರೀವೈಷ್ಣವರಿಗೆ ಶ್ರೀರಂಗ, ತಿರುಪತಿ, ಕಂಚಿಯ ಜೊತೆಗೆ ನಾಲ್ಕನೆಯ ದೊಡ್ಡ ಕ್ಷೇತ್ರ ಮೇಲುಕೋಟೆ. ತಮಿಳುನಾಡಿನಿಂದ, ಆಂಧ್ರದಿಂದ ಬರುವ ಭಕ್ತರಿಗೆ ಕನ್ನಡ ಓದಲು ಬರುವುದಿಲ್ಲ, ಹಿಂದಿ ಬೇಡ. ಅವರು ಕೈ ಹಾಕುವುದು ಇಂಗ್ಲಿಷ್ ಪ್ರತಿಗೆ. ಅಂದರೆ ಆ ಪ್ರತಿಯನ್ನು ಓದುವವರು ಎರಡು ಬಗೆ: ರಾಮಾನುಜರು ಯಾರೆಂದೇ ಗೊತ್ತಿಲ್ಲದವರು ಮತ್ತು ರಾಮಾನುಜರಿಗಾಗಿಯೇ ಬಂದವರು.

ಹಿಂದಿ ಪ್ರತಿಯನ್ನು ಎತ್ತಿಕೊಳ್ಳುವವರಲ್ಲಿ ಗುಂಪಾಗಿ ಬರುವ ಯಾತ್ರಿಕರಿರುತ್ತಾರೆ. ಬೆಂಗಳೂರು, ಮೈಸೂರಿನಲ್ಲಿ ಕೆಲಸದಲ್ಲಿರುವವರು ಊರಿನಿಂದ ಬಂದ ತಂದೆತಾಯಿಯನ್ನು ಕಾರಿನಲ್ಲಿ ಕರೆತರುವುದೂ ಅಷ್ಟೇ ಸಾಮಾನ್ಯ. ಕಾರು ಓಡಿಸುವ ಮಗ ಫೋನ್ ನೋಡುತ್ತಾನೆ, ಬ್ರೋಷರ್ ಓದುವವರು ಹಿಂದಿನ ಸೀಟಿನ ಅಪ್ಪ. ಅಕ್ಷರದ ಗಾತ್ರವೂ ಇದರಿಂದಲೇ ನಿರ್ಧಾರವಾಗುತ್ತದೆ.

ಎಚ್ಚರಿಕೆಯ ಸೂಚನೆ: ಈ ಹಂತ ಮುಗಿದ ಮೇಲೂ ‘ಪ್ರವಾಸಿಗರು’ ಎಂಬ ಒಂದೇ ಪದದಲ್ಲಿ ಎಲ್ಲರನ್ನೂ ಹೇಳುತ್ತಿದ್ದರೆ ಇನ್ನೊಂದು ಭಾನುವಾರ ಹೋಗಿ ನಿಲ್ಲಬೇಕು.

## ಹಂತ 2: ವಾಕ್ಯವಿಲ್ಲದ ಮಾಹಿತಿ ಪಟ್ಟಿ ಮಾಡಿ

ಮೂರು ಬರಹಕ್ಕೂ ಒಂದೇ ಮೂಲ ಈ ಪಟ್ಟಿ. ಇದರಲ್ಲಿ ಪೂರ್ತಿ ವಾಕ್ಯ ಬರೆಯಬಾರದು. ಬರೆದರೆ ಅದನ್ನೇ ಯಾರಾದರೂ ಅನುವಾದಿಸಿಬಿಡುತ್ತಾರೆ. ಒಂದು ಸಾಲಿಗೆ ಒಂದು ಸಂಗತಿ, ಪಕ್ಕದಲ್ಲಿ ಐದು ಅಂಕಣ: ಕನ್ನಡ ಹೆಸರು, ಇಂಗ್ಲಿಷ್ ಕಾಗುಣಿತ, ಹಿಂದಿ ಕಾಗುಣಿತ, ಯಾರಿಂದ ಖಚಿತ ಮಾಡಿಕೊಂಡಿರಿ, ಯಾವ ದಿನ.

ಹೆಸರಿನ ಅಂಕಣಗಳಿಗೆ ಸಮಯ ಕೊಡಿ. ಹಿಂದಿಯವರು ಇಂಗ್ಲಿಷ್ ಕಾಗುಣಿತ ನೋಡಿ ಬರೆದರೆ ‘ಮೇಲ್‌ಕೋಟ್’ ಆಗುತ್ತದೆ. ಆ ಹೆಸರನ್ನು ಬಸ್ ಕಂಡಕ್ಟರಿಗೆ ಹೇಳಿದರೆ ಅವರು ಮತ್ತೊಮ್ಮೆ ಕೇಳುತ್ತಾರೆ. ಹಿಂದಿ ಕಾಗುಣಿತವನ್ನು ಕನ್ನಡದ ಉಚ್ಚಾರ ಕೇಳಿ ಬರೆಯಬೇಕು, ‘ಮೇಲುಕೋಟೆ’ ಎಂದು ಪೂರ್ತಿಯಾಗಿ. ಇಂಗ್ಲಿಷಿನಲ್ಲಿ ಊರಿನ ಹೆಸರಿಗೆ ಎರಡು ಕಾಗುಣಿತ ಓಡಾಡುತ್ತಿವೆ. ರಸ್ತೆಯ ಫಲಕದಲ್ಲಿ ಯಾವುದಿದೆಯೋ ಅದನ್ನೇ ಹಿಡಿಯಿರಿ. ದೇವರಿಗೂ ಒಂದಕ್ಕಿಂತ ಹೆಚ್ಚು ಹೆಸರಿವೆ. ಮೂಲಮೂರ್ತಿ ತಿರುನಾರಾಯಣ, ನಮ್ಮವರ ಬಾಯಲ್ಲಿ ಚೆಲುವನಾರಾಯಣ, ಉತ್ಸವಮೂರ್ತಿ ಚೆಲುವಪಿಳ್ಳೆ. ತಮಿಳು ಭಕ್ತರು ಊರನ್ನೇ ತಿರುನಾರಾಯಣಪುರ ಎನ್ನುತ್ತಾರೆ. ಯಾವ ಪ್ರತಿಯಲ್ಲಿ ಯಾವ ಹೆಸರು ಮುಂದೆ ಎಂಬುದನ್ನು ಇಲ್ಲೇ ತೀರ್ಮಾನಿಸಿ.

ನಂತರ ಪಟ್ಟಿಯನ್ನು ಎರಡಾಗಿ ಒಡೆಯಿರಿ. ಬದಲಾಗದವು ಒಂದು ಕಡೆ: ಜಾಗ, ಐತಿಹ್ಯ, ಬೆಟ್ಟ, ಕೊಳ. ಬದಲಾಗುವವು ಇನ್ನೊಂದು ಕಡೆ: ದರ್ಶನದ ಹೊತ್ತು, ಸೇವೆಯ ದರ, ಬಸ್ಸಿನ ವೇಳೆ, ಫೋನ್ ನಂಬರ್, ವೈರಮುಡಿ ಉತ್ಸವದ ದಿನಾಂಕ. ಬದಲಾಗುವವುಗಳಲ್ಲಿ ಅಚ್ಚು ಮಾಡಲೇಬೇಕಾದದ್ದು ದರ್ಶನದ ಹೊತ್ತೊಂದೇ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ ಎಂಬುದು ತಿಳಿಯದೆ ಬೆಂಗಳೂರಿನಿಂದ ಹೊರಟು ಊಟದ ಹೊತ್ತಿಗೆ ಬಂದು ನಿಲ್ಲುವವರು ಬಹಳ. ಬೆಟ್ಟದ ಗುಡಿಯ ಹೊತ್ತು ಬೇರೆ, ಕೆಳಗಿನ ಗುಡಿಯದು ಬೇರೆ, ಎರಡನ್ನೂ ದೇವಸ್ಥಾನದ ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ. ಉಳಿದದ್ದನ್ನು ಕ್ಯೂಆರ್ ಕೋಡ್ ಇಟ್ಟು ಒಂದು ಪುಟಕ್ಕೆ ಕಳಿಸಿಬಿಡಿ.

ದೂರ ಬರೆಯುವಾಗ ಯಾವ ದಾರಿ ಎಂದು ಹೇಳದೆ ಕಿಲೋಮೀಟರ್ ಬರೆಯಬೇಡಿ. ಮೈಸೂರಿನಿಂದ ಸುಮಾರು 50 ಕಿ.ಮೀ. ಎಂದರೆ ತೊಂದರೆಯಿಲ್ಲ. ಬೆಂಗಳೂರಿನಿಂದ ಎಂದಾಗ ಮಂಡ್ಯದ ಮೇಲೆಯೋ, ನಾಗಮಂಗಲದ ಕಡೆಯಿಂದಲೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಮೆಟ್ಟಿಲಿನ ಸಂಖ್ಯೆಯನ್ನಂತೂ ಇನ್ನೊಬ್ಬರು ಬರೆದದ್ದು ನೋಡಿ ಹಾಕಬೇಡಿ, ನೀವೇ ಎಣಿಸಿ. ಒಬ್ಬೊಬ್ಬರು ಒಂದೊಂದು ಕಡೆಯಿಂದ ಎಣಿಕೆ ಶುರುಮಾಡಿರುತ್ತಾರೆ.

## ಹಂತ 3: ಒತ್ತು ಎಲ್ಲಿ ಎಂದು ಪುಟ ಹಂಚಿ

ಎ4 ಹಾಳೆಯನ್ನು ಎರಡು ಕಡೆ ಮಡಿಸಿದರೆ ಆರು ಪುಟ ಸಿಗುತ್ತವೆ. ಮುಖಪುಟ, ನಕ್ಷೆ ಇರುವ ಹಿಂಬದಿ ಪುಟ ಮೂರು ಭಾಷೆಗೂ ಒಂದೇ ವಿನ್ಯಾಸ. ಉಳಿದ ನಾಲ್ಕು ಪುಟಗಳನ್ನು ಪ್ರತಿ ಭಾಷೆಗೂ ಬೇರೆಯಾಗಿ ಹಂಚಬೇಕು. ಕೆಲಸದ ತಿರುಳು ಇದೇ. ಬರೆಯಲು ಕೂರುವ ಮೊದಲು ಹಂಚಿಕೆ ಕಾಗದದ ಮೇಲೆ ಇರಲಿ.

ಕನ್ನಡ ಪ್ರತಿ. ಓದುಗನಿಗೆ ವೈರಮುಡಿ ಗೊತ್ತು, ರಾಮಾನುಜರು ಗೊತ್ತು, ಅರ್ಧ ಪಾಲು ಜನ ಶಾಲೆಯ ಪ್ರವಾಸದಲ್ಲಿ ಒಮ್ಮೆ ಬಂದೂ ಹೋಗಿರುತ್ತಾರೆ. ಆದ್ದರಿಂದ ಪರಿಚಯಕ್ಕೆ ಪುಟ ಕೊಡಬೇಡಿ. ಒಂದು ಪುಟ ಸೇವೆ, ಹರಕೆ, ದರ್ಶನದ ಹೊತ್ತಿಗೆ. ಒಂದು ಪುಟ ಮೂರು ಕಿರೀಟಗಳಿಗೆ: ವೈರಮುಡಿ, ರಾಜ ಒಡೆಯರು ಅರ್ಪಿಸಿದ ರಾಜಮುಡಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕೃಷ್ಣರಾಜಮುಡಿ. ಯಾವುದು ಯಾವ ಉತ್ಸವಕ್ಕೆ ಎಂಬುದು ಗೊತ್ತಿರುವವರು ಕಡಿಮೆ. ವೈರಮುಡಿಯನ್ನು ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ತರುವ ಸಂಗತಿಯನ್ನು ಕನ್ನಡದವರು ಆಸೆಪಟ್ಟು ಓದುತ್ತಾರೆ. ಮೂರನೆಯದು ಜನ ನೋಡದೆ ಹೋಗುವ ಜಾಗಗಳಿಗೆ: ಅಕ್ಕ-ತಂಗಿ ಕೊಳ, ಧನುಷ್ಕೋಟಿ, ಸಂಸ್ಕೃತ ಸಂಶೋಧನ ಸಂಸತ್ತು, ಪು.ತಿ.ನ. ಹುಟ್ಟಿದ ಊರು ಇದೆಂಬ ಮಾತು. ನಾಲ್ಕನೆಯದು ಊಟ, ಮಗ್ಗದ ಪಂಚೆ, ತಿರುಗಿ ಹೋಗುವ ಬಸ್ಸು.

ಇಂಗ್ಲಿಷ್ ಪ್ರತಿ. ಇದರಲ್ಲಿ ಮೊದಲ ಒಳಪುಟ ‘ಏನು ನೋಡುತ್ತಿದ್ದೀರಿ’ ಎಂಬುದಕ್ಕೆ. ಗುಡಿಯೊಳಗೆ ಹೋಗುವ ರೀತಿ, ಚಪ್ಪಲಿ ಎಲ್ಲಿ ಬಿಡಬೇಕು, ಎಂಥ ಬಟ್ಟೆ, ಕ್ಯಾಮೆರಾ ಎಲ್ಲಿವರೆಗೆ, ತೀರ್ಥ ಕೊಟ್ಟಾಗ ಬಲಗೈ ಚಾಚಬೇಕು ಎಂಬುದರವರೆಗೆ. ಎರಡನೆಯದು ನಡಿಗೆಯ ದಾರಿ: ಬೆಳಿಗ್ಗೆ ಬೆಟ್ಟ, ಬಿಸಿಲೇರುವ ಮೊದಲು ಇಳಿದು ಕಲ್ಯಾಣಿ, ಗುಡಿ, ಸಂಜೆ ರಾಯಗೋಪುರ. ಕಲ್ಲಿನ ಮೆಟ್ಟಿಲು ಮಧ್ಯಾಹ್ನ ಬರಿಗಾಲಿಗೆ ಸುಡುತ್ತದೆ, ಬೆಟ್ಟದಲ್ಲಿ ಕೋತಿಗಳು ಕೈಯಲ್ಲಿರುವ ಚೀಲಕ್ಕೇ ಬಾಯಿ ಹಾಕುತ್ತವೆ ಎಂಬುದನ್ನು ಇಲ್ಲೇ ಹೇಳಿಬಿಡಿ. ಮೂರನೆಯ ಪುಟ ರಾಮಾನುಜರಿಗೆ ಮೀಸಲು. ಹೊಸಬನಿಗೆ ನಾಲ್ಕು ಸಾಲು ಪರಿಚಯ, ಅದರ ಕೆಳಗೆ ಚಿಕ್ಕ ಚೌಕದಲ್ಲಿ ತಮಿಳು ಭಕ್ತರಿಗೆ ಬೇಕಾದದ್ದು: ಇಲ್ಲಿರುವ ರಾಮಾನುಜರ ಮೂರ್ತಿಯೇ ಭಕ್ತರು ಮೆಚ್ಚಿದ ರೂಪ ಎಂಬರ್ಥದ ‘ತಮರ್ ಉಗಂದ ತಿರುಮೇನಿ’, ಸನ್ನಿಧಿ ಎಲ್ಲಿದೆ, ವೈರಮುಡಿ ಉತ್ಸವ ತಮಿಳರ ಪಂಗುನಿ ತಿಂಗಳಲ್ಲಿ. ಅದೊಂದು ಸಾಲನ್ನು ಹುಡುಕಿಕೊಂಡೇ ಅವರು ಬಂದಿರುತ್ತಾರೆ. ನಾಲ್ಕನೆಯ ಪುಟ ಊಟ, ಶೌಚಾಲಯ, ಎಟಿಎಂ, ಆಸ್ಪತ್ರೆ, ಮತ್ತು ಶ್ರೀರಂಗಪಟ್ಟಣ, ತೊಣ್ಣೂರಿನ ಕಡೆ ಹೋಗುವ ದಾರಿ.

ಹಿಂದಿ ಪ್ರತಿ. ಇದಕ್ಕೆ ಹಿಡಿ ಸಿಗುವುದು ಒಂದು ಹೆಸರಿನಲ್ಲಿ. ಮೇಲುಕೋಟೆಗೆ ದಕ್ಷಿಣ ಬದರಿ ಎಂಬ ಹೆಸರಿದೆ. ಬದರೀನಾಥಕ್ಕೆ ಹೋಗಿಬಂದ ಅಥವಾ ಹೋಗಬೇಕೆಂದಿರುವ ಮನೆತನದವರಿಗೆ ಬೇರೆ ಪರಿಚಯ ಬೇಡ. ಮೊದಲ ವಾಕ್ಯವೇ ಅದಾಗಲಿ. ಎರಡನೆಯ ಪುಟದಲ್ಲಿ ದರ್ಶನದ ಕ್ರಮ, ಹಿರಿಯರಿಗೆ ಬೆಟ್ಟದ ವಿವರ: ವಾಹನ ಎಲ್ಲಿವರೆಗೆ, ಅಲ್ಲಿಂದ ಎಷ್ಟು ಮೆಟ್ಟಿಲು, ಕೂತು ದಣಿವಾರಿಸಿಕೊಳ್ಳಲು ನೆರಳು ಎಲ್ಲಿ. ಮೂರನೆಯದು ಪ್ರಸಾದ ಮತ್ತು ಊಟ. ಪುಳಿಯೋಗರೆಯನ್ನು ಹುಣಸೆಹಣ್ಣಿನ ಗೊಜ್ಜು ಕಲಸಿದ ಅನ್ನ, ಖಾರ-ಹುಳಿ, ತಣ್ಣಗೇ ತಿನ್ನುವುದು ಎಂದು ಹೇಳಬೇಕು. ಹೇಳದಿದ್ದರೆ ಅವರು ಪುಲಾವ್ ಎಂದುಕೊಂಡು ಬಿಸಿಗಾಗಿ ಕಾಯುತ್ತಾರೆ. ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಊಟ ಎಲ್ಲಿ ಎಂಬುದು ಹಿಂದಿ ಪ್ರತಿಗೆ ತಪ್ಪದೆ ಬೇಕು. ನಾಲ್ಕನೆಯ ಪುಟದಲ್ಲಿ ಬೀಬಿ ನಾಚ್ಚಿಯಾರ್ ಕಥೆ. ಅದು ದೆಹಲಿಯಿಂದ ಶುರುವಾಗುವ ಕಥೆ.

ಎಚ್ಚರಿಕೆಯ ಸೂಚನೆ: ಮೂರು ಹಂಚಿಕೆಗಳನ್ನು ಅಕ್ಕಪಕ್ಕ ಇಟ್ಟಾಗ ಶೀರ್ಷಿಕೆಗಳು ಒಂದೇ ಸಾಲಿನಲ್ಲಿ ಹೊಂದಿಕೊಂಡರೆ ನೀವು ಅನುವಾದಕ್ಕೆ ತಯಾರಿ ಮಾಡಿದ್ದೀರಿ ಎಂದರ್ಥ.

## ಹಂತ 4: ಮೂರನ್ನೂ ಹೊಸದಾಗಿ ಬರೆಯಿರಿ

ಬರಹಗಾರರಿಗೆ ಪಟ್ಟಿ ಮತ್ತು ಹಂಚಿಕೆ ಕೊಡಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸಬೇಡಿ. ಒಂದೇ ಸಂಗತಿ ಮೂರು ಕಡೆ ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ಬೀಬಿ ನಾಚ್ಚಿಯಾರ್ ಕಥೆಯನ್ನೇ ನೋಡೋಣ.

ಪಟ್ಟಿಯಲ್ಲಿರುವುದು ಇಷ್ಟು: ಉತ್ಸವಮೂರ್ತಿ ದೆಹಲಿಯ ಸುಲ್ತಾನನ ಅರಮನೆ ಸೇರಿತ್ತು, ರಾಮಾನುಜರು ಹೋಗಿ ತಂದರು, ಮೂರ್ತಿಯನ್ನು ಹಚ್ಚಿಕೊಂಡಿದ್ದ ಸುಲ್ತಾನನ ಮಗಳು ಹಿಂದೆಯೇ ಬಂದು ಇಲ್ಲೇ ದೇವರಲ್ಲಿ ಐಕ್ಯವಾದಳು, ಆಕೆಯ ಮೂರ್ತಿಗೆ ಸ್ವಾಮಿಯ ಪಾದದ ಬಳಿ ಜಾಗ. ಮೂಲ: ಐತಿಹ್ಯ.

ಕನ್ನಡ ಪ್ರತಿಯಲ್ಲಿ ಕಥೆ ಪೂರ್ತಿ ಹೇಳಬೇಕಾಗಿಲ್ಲ:

> ಮಂಗಳಾರತಿ ಹೊತ್ತಿನಲ್ಲಿ ಸ್ವಾಮಿಯ ಪಾದದ ಕಡೆ ಕಣ್ಣು ಹಾಯಿಸಿ. ಅಲ್ಲಿರುವವಳು ಬೀಬಿ ನಾಚ್ಚಿಯಾರ್. ಚೆಲುವಪಿಳ್ಳೆಯನ್ನು ಬಿಟ್ಟಿರಲಾರದೆ ದೆಹಲಿಯಿಂದ ಹಿಂದೆಯೇ ಬಂದ ಸುಲ್ತಾನನ ಮಗಳು ಎಂದು ಐತಿಹ್ಯ. ಗುಂಪಿದ್ದರೆ ಕಾಣುವುದು ಕಷ್ಟ. ಅರ್ಚಕರನ್ನು ಕೇಳಿದರೆ ತೋರಿಸುತ್ತಾರೆ.

ಹಿಂದಿಯಲ್ಲಿ ಇದೇ ಕಥೆ ದೆಹಲಿಯಲ್ಲಿ ಆರಂಭವಾಗಿ ಮೇಲುಕೋಟೆಯಲ್ಲಿ ಮುಗಿಯಬೇಕು, ಎಂಟು-ಹತ್ತು ಸಾಲು ಬೇಕು. ಮೀರಾಬಾಯಿಯ ಪದಗಳನ್ನು ಕೇಳಿ ಬೆಳೆದವರಿಗೆ ಈ ಭಕ್ತಿಯ ಬಗೆ ಹೊಸದಲ್ಲ. ಕಥೆಯನ್ನು ಬಿಡಿಸಿ ಹೇಳಿದರೆ ಸಾಕು, ಅರ್ಥ ವಿವರಿಸಬೇಡಿ. ಧರ್ಮ-ಧರ್ಮದ ಸೌಹಾರ್ದ ಎಂಬ ಭಾಷಣ ಸೇರಿಸುವ ಚಪಲ ಹಿಂದಿ ಬರಹಗಾರರಿಗೆ ಬರುತ್ತದೆ, ಕತ್ತರಿಸಿ. ಹಾಗೆಯೇ ಸುಲ್ತಾನನನ್ನು ರಾಕ್ಷಸನನ್ನಾಗಿ ಮಾಡುವ ಚಪಲವೂ ಬರುತ್ತದೆ, ಅದನ್ನೂ ಕತ್ತರಿಸಿ.

ಇಂಗ್ಲಿಷಿನಲ್ಲಿ ಒಂದು ತೊಡಕಿದೆ. ಸಂಪ್ರದಾಯದ ಲೆಕ್ಕದಲ್ಲಿ ರಾಮಾನುಜರ ಕಾಲ 1017ರಿಂದ 1137. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ. ಇತಿಹಾಸ ಓದಿಕೊಂಡು ಬರುವ ಓದುಗ ಈ ಎರಡು ಇಸವಿಗಳನ್ನು ಒಂದೇ ಪುಟದಲ್ಲಿ ನೋಡಿದರೆ ಇಡೀ ಬ್ರೋಷರನ್ನು ನಂಬುವುದಿಲ್ಲ. ಆದ್ದರಿಂದ ಇಂಗ್ಲಿಷಿನಲ್ಲಿ ‘ಇಲ್ಲಿಯವರು ಹೇಳುವ ಕಥೆ’ ಎಂದು ಮೊದಲೇ ಹೇಳಿ, ಕಥೆಯ ಪಕ್ಕದಲ್ಲಿ ಇಸವಿ ಹಾಕದೆ ಬರೆಯಬೇಕು. ಐತಿಹ್ಯವನ್ನು ಐತಿಹ್ಯ ಎಂದು ಕರೆದರೆ ಯಾವ ಭಕ್ತನೂ ಬೇಸರಪಡುವುದಿಲ್ಲ. ಇಸವಿ ಹಾಕಿ ಇತಿಹಾಸ ಮಾಡಲು ಹೋದಾಗಲೇ ಜಗಳ.

ಹಬ್ಬದ ದಿನಗಳಲ್ಲೂ ಇಂಥದೇ ಎಚ್ಚರ ಬೇಕು. ಕನ್ನಡದಲ್ಲಿ ವೈರಮುಡಿಗೆ ‘ಮೀನ ಮಾಸ, ಪುಷ್ಯ ನಕ್ಷತ್ರ’ ಎಂದರೆ ಮನೆಯ ಪಂಚಾಂಗ ತೆಗೆದು ನೋಡುತ್ತಾರೆ. ಉತ್ತರದ ಪಂಚಾಂಗದಲ್ಲಿ ಚಾಂದ್ರಮಾನದ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಶುಕ್ಲಪಕ್ಷದ ಹಬ್ಬಕ್ಕೆ ವ್ಯತ್ಯಾಸವಿಲ್ಲ, ಕೃಷ್ಣಪಕ್ಷದ್ದಾದರೆ ತಿಂಗಳ ಹೆಸರೇ ಬೇರೆಯಾಗುತ್ತದೆ. ಹಿಂದಿಯಲ್ಲಿ ತಿಂಗಳ ಹೆಸರಿನ ಜೊತೆಗೆ ಪಕ್ಷವನ್ನೂ, ‘ಮಾರ್ಚ್-ಏಪ್ರಿಲ್’ ಎಂಬುದನ್ನೂ ಬರೆಯಿರಿ. ವೈರಮುಡಿ ನಡೆಯುವುದು ರಾತ್ರಿ ಎಂಬುದು ಮೂರರಲ್ಲೂ ಇರಲಿ, ಹಗಲು ಬಂದು ಸಂಜೆಗೆ ಹೊರಡುವವರು ಅದನ್ನು ತಪ್ಪಿಸಿಕೊಳ್ಳುತ್ತಾರೆ.

ಭಾಷೆಯ ಧಾಟಿಗೆ ಬಂದರೆ, ಕನ್ನಡದಲ್ಲಿ ‘ಸ್ಥಿತವಾಗಿದೆ’, ‘ಕಣ್ಮನ ಸೆಳೆಯುತ್ತದೆ’, ‘ಭಕ್ತಸಾಗರ’ ಇವನ್ನು ಹುಡುಕಿ ತೆಗೆಯಿರಿ. ತೆಗೆದ ಮೇಲೆ ವಾಕ್ಯದಲ್ಲಿ ಏನೂ ಉಳಿಯದಿದ್ದರೆ ಆ ವಾಕ್ಯವೇ ಬೇಡ. ಹಿಂದಿಯಲ್ಲಿ ಸರ್ಕಾರಿ ಸುತ್ತೋಲೆಯ ಹಿಂದಿ ಬಂದರೆ ವಾಪಸ್ ಕಳಿಸಿ.

## ಹಂತ 5: ಪುಟ ಕಟ್ಟುವುದು

ಮಡಿಕೆಯ ಅಳತೆಯಲ್ಲೇ ಮೊದಲ ತಪ್ಪು. ಅಡ್ಡವಾಗಿಟ್ಟ ಎ4 ಹಾಳೆಯ ಅಗಲ 297 ಮಿ.ಮೀ. ಅದನ್ನು ಮೂರು ಸಮಪಾಲು ಮಾಡಿದರೆ ಒಳಗೆ ಮಡಿಯುವ ಪುಟ ಅಂಚಿಗೆ ತಾಗಿ ಉಬ್ಬುತ್ತದೆ. ಒಳಗೆ ಮಡಿಯುವುದು 97, ಉಳಿದ ಎರಡು 100 ಇರಲಿ. ಹಾಳೆಯ ಹಿಂಬದಿಯಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ ಎಂಬುದನ್ನು ಮರೆಯಬೇಡಿ. ಖಾಲಿ ಹಾಳೆಯೊಂದನ್ನು ಮಡಿಸಿ, ಪುಟಗಳಿಗೆ ಪೆನ್ನಿನಲ್ಲಿ ಸಂಖ್ಯೆ ಹಾಕಿ ಎದುರಿಗೆ ಇಟ್ಟುಕೊಂಡರೆ ಗೊಂದಲವಿಲ್ಲ. ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು, ಬಿಡಿ.

ಕನ್ನಡಕ್ಕೆ ಜಾಗ ಹೆಚ್ಚು ಬೇಕು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ‘ಲಕ್ಷ್ಮೀ’ ಎಂಬ ಪದವನ್ನು ಬಿಗಿ ಸಾಲಿನಲ್ಲಿ ಇಟ್ಟರೆ ಅದರ ಬಾಲ ಕೆಳಸಾಲಿನ ಗುಣಿತಕ್ಕೆ ತಾಗುತ್ತದೆ. 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಸಾಲಿನ ಅಂತರ ಕೊಡಿ. ಆಗ ಚಿತ್ರವಿಲ್ಲದ ಒಂದು ಪುಟಕ್ಕೆ ನೂರು ಪದದ ಆಸುಪಾಸು ಹಿಡಿಯುತ್ತದೆ. ಇಂಗ್ಲಿಷಿಗೆ 9.5ರ ಮೇಲೆ 13 ಸಾಕು. ಹಿಂದಿಗೆ 11ರ ಮೇಲೆ 15, ಓದುವವರು ಹಿರಿಯರು ಎಂಬ ನೆನಪಿನಲ್ಲಿ ಅದಕ್ಕಿಂತ ಇಳಿಸಬೇಡಿ. ಒಂದೇ ಚೌಕಟ್ಟಿನಲ್ಲಿ ಮೂರೂ ಕೂರಬೇಕೆಂದು ಕನ್ನಡದ ಗಾತ್ರ ಕುಗ್ಗಿಸುವುದು ಎಲ್ಲ ಕಡೆ ಕಾಣುವ ಅನ್ಯಾಯ. ಪದ ಕಡಿಮೆ ಮಾಡಿ, ಅಕ್ಷರ ಕುಗ್ಗಿಸಬೇಡಿ.

ಇನ್ನು ಅಕ್ಷರ ಒಡೆಯುವ ಕಾಟ. ಇನ್‌ಡಿಸೈನ್‌ನಲ್ಲಿ ಮಾಡುವವರು ಪ್ಯಾರಾಗ್ರಾಫ್ ಸ್ಟೈಲಿನ Justification ವಿಭಾಗದಲ್ಲಿ Composer ಎಂಬಲ್ಲಿ ಇದನ್ನು ಆರಿಸಬೇಕು:

```
Adobe World-Ready Paragraph Composer
```

ಆರಿಸದಿದ್ದರೆ ‘ಕೃಷ್ಣ’ ಹೋಗಿ ‘ಕೃಷ್‌ಣ’ ಆಗುತ್ತದೆ, ಹಿಂದಿಯಲ್ಲಿ ಹ್ರಸ್ವ ಇಕಾರದ ಗುರುತು ಅಕ್ಷರದ ಎಡಕ್ಕೆ ಬರುವ ಬದಲು ಬಲಕ್ಕೆ ಹೋಗಿ ಕೂರುತ್ತದೆ. ಕನ್ನಡ ಓದಲು ಬಾರದ ವಿನ್ಯಾಸಕಾರನಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಪಠ್ಯ ಕೊಟ್ಟರೆ ಯೂನಿಕೋಡಿಗೆ ಬದಲಿಸಿ, ಬದಲಿಸಿದ ಮೇಲೆ ಅರ್ಕಾವೊತ್ತುಗಳನ್ನು ಒಂದೊಂದಾಗಿ ನೋಡಿ. ಕೆಲವರು ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತು ಅಂಕೆ ಹಾಕಿ ‘ಮಾಗ೯’ ಎಂದು ಟೈಪ್ ಮಾಡಿರುತ್ತಾರೆ. ಕಾಗದದ ಮೇಲೆ ಅದು ‘ಮಾರ್ಗ’ದಂತೆಯೇ ಕಾಣುತ್ತದೆ. ಫಾಂಟ್ ಬದಲಾದ ಕೂಡಲೇ ಒಂಬತ್ತು ಎದ್ದು ನಿಲ್ಲುತ್ತದೆ. ಕಡತದಲ್ಲಿ ‘೯’ ಹುಡುಕಿದರೆ ಎಲ್ಲ ಸಿಕ್ಕಿಬೀಳುತ್ತವೆ.

ಚಿತ್ರದ ವಿಷಯದಲ್ಲಿ ಒಂದೇ ಮಾತು. ಗರ್ಭಗುಡಿಯ ಮೂರ್ತಿಯ ಚಿತ್ರ ಹಾಕಬೇಡಿ. ಅನುಮತಿಯ ಪ್ರಶ್ನೆ ಒಂದು, ಇನ್ನೊಂದು ಈ ಕಾಗದ ಸಂಜೆಗೆ ಎಲ್ಲಿ ಬಿದ್ದಿರುತ್ತದೆ ಎಂಬುದು. ದೇವರ ಚಿತ್ರ ಬಸ್ ನಿಲ್ದಾಣದಲ್ಲಿ ಕಾಲಡಿ ಸಿಕ್ಕರೆ ಬೈಗುಳ ಬರುವುದು ನಿಮಗೇ. ಕಲ್ಯಾಣಿಯ ಕಂಬಸಾಲು, ಹಿಂದೆ ಬೆಟ್ಟ, ಅದರ ತುದಿಯಲ್ಲಿ ನರಸಿಂಹನ ಗುಡಿ ಇರುವ ಒಂದು ಬೆಳಗಿನ ಚಿತ್ರ ಮುಖಪುಟಕ್ಕೆ ಸಾಕು. ಅಚ್ಚಿಗೆ 300 ಡಿಪಿಐ ಬೇಕು, ವಾಟ್ಸಾಪ್‌ನಲ್ಲಿ ಬಂದದ್ದು ನಡೆಯುವುದಿಲ್ಲ.

## ಹಂತ 6: ಊರು ನೋಡದವರ ಕೈಗೆ ಕೊಟ್ಟು ಪರೀಕ್ಷಿಸಿ

ಕರಡು ಅಚ್ಚನ್ನು ಮಡಿಸಿ, ಮೊದಲೇ ಗುರುತಿಸಿಟ್ಟ ಓದುಗರಿಗೆ ಕೊಡಿ. ‘ಹೇಗಿದೆ?’ ಎಂದು ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ಕೆಲಸ ಕೊಡಿ. ಕನ್ನಡದವರಿಗೆ: ‘ಶನಿವಾರ ಬೆಳಿಗ್ಗೆ ಬಂದು ಅಭಿಷೇಕ ಮಾಡಿಸಬೇಕು, ಯಾರನ್ನು ಕೇಳುತ್ತೀರಿ?’ ಇಂಗ್ಲಿಷಿನವರಿಗೆ: ‘ಮಧ್ಯಾಹ್ನ ಎರಡಕ್ಕೆ ಬಂದಿದ್ದೀರಿ, ಈಗ ಏನು ಮಾಡುತ್ತೀರಿ?’ ಹಿಂದಿಯವರಿಗೆ: ‘ಅಮ್ಮನಿಗೆ ಮಂಡಿನೋವು, ಬೆಟ್ಟಕ್ಕೆ ಕರೆದೊಯ್ಯುತ್ತೀರಾ?’ ಉತ್ತರವನ್ನು ಕಾಗದದಲ್ಲಿ ಬೆರಳಿಟ್ಟು ತೋರಿಸಬೇಕು. ಬೆರಳು ಒಂದು ಪುಟದಿಂದ ಇನ್ನೊಂದಕ್ಕೆ ಅಲೆದರೆ ಆ ಮಾಹಿತಿ ತಪ್ಪು ಜಾಗದಲ್ಲಿದೆ. ‘ಗೂಗಲ್ ಮಾಡ್ತೀನಿ’ ಎಂದರೆ ಮಾಹಿತಿಯೇ ಇಲ್ಲ.

ತಿದ್ದುಪಡಿ ಬಂದಾಗ ಅದು ಸಂಗತಿಯದೋ ಬರಹದ್ದೋ ನೋಡಿ. ಸಂಗತಿಯಾದರೆ ಮೊದಲು ಪಟ್ಟಿಯಲ್ಲಿ ತಿದ್ದಿ, ಆಮೇಲೆ ಮೂರೂ ಪ್ರತಿಯಲ್ಲಿ. ಬರಹದ್ದಾದರೆ ಆ ಭಾಷೆಯಲ್ಲಿ ಮಾತ್ರ. ಕೊನೆಯ ಗಳಿಗೆಯಲ್ಲಿ ಕನ್ನಡದಲ್ಲಷ್ಟೇ ದರ್ಶನದ ಹೊತ್ತು ಬದಲಿಸಿ ಉಳಿದೆರಡನ್ನು ಮರೆಯುವುದು ಪ್ರತಿ ಊರಿನಲ್ಲೂ ಆಗುತ್ತದೆ. ಅಚ್ಚಿಗೆ ಕಳಿಸುವ ಮುನ್ನ ಮೂರೂ ಪ್ರತಿಗಳ ಅಂಕೆಗಳನ್ನು ಮಾತ್ರ, ಪದ ಓದದೆ, ಒಬ್ಬರು ಗಟ್ಟಿಯಾಗಿ ಹೇಳಿ ಇನ್ನೊಬ್ಬರು ಪಟ್ಟಿಗೆ ತಾಳೆ ನೋಡಿ. ಕ್ಯೂಆರ್ ಕೋಡನ್ನು ಪರದೆಯ ಮೇಲಲ್ಲ, ಅಚ್ಚಾದ ಕಾಗದದ ಮೇಲೆ, ಹೊರಗಿನ ಬಿಸಿಲಿನಲ್ಲಿ ಸ್ಕ್ಯಾನ್ ಮಾಡಿ. ಹೊಳಪಿನ ಕಾಗದದಲ್ಲಿ ಬಿಸಿಲು ಬಿದ್ದರೆ ಕೆಲವೊಮ್ಮೆ ಹಿಡಿಯುವುದಿಲ್ಲ.

## ಹಂತ 7: ಎಷ್ಟು ಅಚ್ಚು, ಎಲ್ಲಿ ಇಡುವುದು

ಮೊದಲ ಸಲ ಮೂರು ಭಾಷೆಗೂ ಕಡಿಮೆ ಪ್ರತಿ ಅಚ್ಚು ಮಾಡಿಸಿ, ಮೂರನ್ನೂ ಅಕ್ಕಪಕ್ಕ ಇಟ್ಟು ಯಾವುದು ಮೊದಲು ಖಾಲಿಯಾಗುತ್ತದೆ ನೋಡಿ. ದೊಡ್ಡ ಸಂಖ್ಯೆಯ ಅಚ್ಚು ಅದರ ಮೇಲೆ ನಿರ್ಧಾರವಾಗಲಿ. ವೈರಮುಡಿಯ ವಾರದ ಲೆಕ್ಕವನ್ನು ವರ್ಷದ ಲೆಕ್ಕಕ್ಕೆ ಸೇರಿಸಬೇಡಿ, ಆ ಜನಸಂದಣಿ ಬೇರೆ, ಆ ವಾರ ಯಾರಿಗೂ ಬ್ರೋಷರ್ ಓದುವ ಪುರುಸೊತ್ತಿರುವುದಿಲ್ಲ.

ಇಡುವ ಜಾಗವೂ ಭಾಷೆಗೊಂದು. ಕನ್ನಡ ಪ್ರತಿ ಸೇವಾ ಕೌಂಟರಿನಲ್ಲಿ, ಬಸ್ ನಿಲ್ದಾಣದಲ್ಲಿ. ಹಿಂದಿ ಪ್ರತಿ ವಾಹನ ನಿಲ್ಲಿಸುವ ಜಾಗದಲ್ಲಿ, ಪುಳಿಯೋಗರೆ ಹೋಟೆಲಿನ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ. ಇಂಗ್ಲಿಷ್ ಪ್ರತಿಯ ಒಂದು ಕಟ್ಟು ಮೈಸೂರಿನ ಹೋಟೆಲುಗಳಿಗೆ ಹೋಗಬೇಕು, ಹೊರಡುವ ಮೊದಲೇ ಅವರ ಕೈಗೆ ಸಿಗಬೇಕು. ಹಿಂಬದಿ ಪುಟದ ಮೂಲೆಯಲ್ಲಿ ಅಚ್ಚಾದ ತಿಂಗಳು-ವರ್ಷವನ್ನು ಸಣ್ಣದಾಗಿ ಹಾಕಿ. ದರ್ಶನದ ಹೊತ್ತು ಬದಲಾದ ದಿನ ಯಾವ ಕಟ್ಟನ್ನು ವಾಪಸ್ ತರಿಸಬೇಕೆಂದು ಅಂಗಡಿಯವರಿಗೆ ಫೋನಿನಲ್ಲೇ ಹೇಳಬಹುದು.